ಮೂವತ್ತು ಸೆಕೆಂಡಲ್ಲಿ ನಿಮ್ಮ ಅಕೌಂಟ್ಸ್ ಕೆಲಸ ಹೇಳೋದು ಹೇಗೆ: ಸಣ್ಣ ಫ್ಯಾಕ್ಟರಿ ಓನರ್ ಎದುರಿಗೆ ಸಿಕ್ಕಾಗ

ಆಡಿಟರ್ ಆಫೀಸಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿ ಹೊರಗೆ ಬಂದು ಸ್ವಂತವಾಗಿ ಅಕೌಂಟ್ಸ್ ಬರೆಯೋಕೆ ಶುರು ಮಾಡಿರೋರು ಬೆಂಗಳೂರಲ್ಲಿ ತುಂಬಾ ಜನ ಇದ್ದಾರೆ, ಕೆಲಸ ಚೆನ್ನಾಗೇ ಬರುತ್ತೆ, ಆದ್ರೆ ಇಂಡಸ್ಟ್ರಿ ಅಸೋಸಿಯೇಷನ್ ಮೀಟಿಂಗ್‌ಗೋ ಎಕ್ಸ್‌ಪೋಗೋ ಹೋದಾಗ ಟೀ ಬ್ರೇಕಲ್ಲಿ ಒಬ್ಬ ಓನರ್ ಎದುರಿಗೆ ಸಿಕ್ಕಿ "ನೀವೇನ್ ಮಾಡ್ತೀರಾ?" ಅಂದ ತಕ್ಷಣ ಬಾಯಿಂದ ಬರೋದು ಒಂದೇ ಮಾತು: "ಸರ್, ನಾನು ಜಿಎಸ್‌ಟಿ, ಐಟಿ ರಿಟರ್ನ್, ಟಿಡಿಎಸ್, ಪಿಎಫ್, ಇಎಸ್ಐ, ಟ್ಯಾಲಿ ಎಂಟ್ರಿ ಎಲ್ಲಾ ಮಾಡ್ತೀನಿ." ಅವರು "ಹೌದಾ, ಒಳ್ಳೇದು, ಕಾರ್ಡ್ ಕೊಡಿ" ಅಂತಾರೆ. ಕಥೆ ಅಲ್ಲಿಗೆ ಮುಗೀತು.

ಇದ್ರಲ್ಲಿ ಓನರ್ ತಪ್ಪೇನಿಲ್ಲ. ಆ ಪಟ್ಟಿಯಲ್ಲಿರೋ ಎಲ್ಲಾ ಕೆಲಸವನ್ನ ಈಗಾಗ್ಲೇ ಯಾರೋ ಒಬ್ರು ಅವರಿಗೆ ಮಾಡ್ಕೊಡ್ತಾ ಇದ್ದಾರೆ. ಹಾಗಾಗಿ ಮೂವತ್ತು ಸೆಕೆಂಡಲ್ಲಿ ಹೇಳ್ಬೇಕಾಗಿರೋದು ಆ ಇನ್ನೊಬ್ರು ಮಾಡದೇ ಬಿಟ್ಟಿರೋ, ಓನರ್‌ಗೆ ತಿಂಗಳು ತಿಂಗಳು ದುಡ್ಡಿನ ಲೆಕ್ಕದಲ್ಲಿ ಗೊತ್ತಾಗೋ ಒಂದೇ ಒಂದು ಕೆಲಸ. ಅದನ್ನ ಹೇಗೆ ಆರಿಸ್ಬೇಕು, ಹೇಗೆ ಕಟ್ಬೇಕು ಅನ್ನೋದನ್ನ ಪೀಣ್ಯದ ಫ್ಯಾಬ್ರಿಕೇಶನ್, ಮಷೀನಿಂಗ್ ಯೂನಿಟ್‌ಗಳನ್ನ ಇಟ್ಕೊಂಡು ಪೂರ್ತಿ ಹೇಳ್ತೀನಿ. ನಿಮ್ಮ ಊರು ಹುಬ್ಬಳ್ಳಿ ಆಗಿರ್ಲಿ ಬೆಳಗಾವಿ ಹತ್ರದ ಮಚ್ಚೆ ಆಗಿರ್ಲಿ, ಲೆಕ್ಕ ಇದೇ.

ಹಂತ 1: ಯಾರ ಹತ್ರ ಮಾತಾಡ್ತೀರಿ ಅಂತ ಮನೇಲೇ ತೀರ್ಮಾನ ಮಾಡಿ

"ಸಣ್ಣ ಬಿಸಿನೆಸ್ ಓನರ್" ಅಂತ ಒಂದೇ ಥರದ ಮನುಷ್ಯ ಇಲ್ಲ. ಸ್ಟೀಲ್ ಶೀಟ್ ತಗೊಂಡು ಕಟ್ ಮಾಡಿ ಬೆಂಡ್ ಮಾಡಿ ಪ್ಯಾನಲ್ ಮಾಡಿ ಕೊಡೋರಿಗೆ ಪರ್ಚೇಸ್ ಮೇಲಿನ ಜಿಎಸ್‌ಟಿ ಕ್ರೆಡಿಟ್ ಅಂದ್ರೆ ಪ್ರಾಣ. ಅದೇ ಮಾತನ್ನ ದರ್ಶಿನಿ ಹೋಟೆಲ್ ನಡೆಸೋರಿಗೆ ಹೇಳಿದ್ರೆ ಸುಮ್ನೆ ಮುಖ ನೋಡ್ತಾರೆ, ಯಾಕಂದ್ರೆ ಸಾಮಾನ್ಯ ಹೋಟೆಲ್‌ಗಳು ಕಟ್ಟೋ 5 ಪರ್ಸೆಂಟ್ ಜಿಎಸ್‌ಟಿಲಿ ಇನ್‌ಪುಟ್ ಕ್ರೆಡಿಟ್ಟೇ ಇಲ್ಲ. ಕಾಂಪೊಸಿಷನ್ ಸ್ಕೀಮಲ್ಲಿರೋ ಅಂಗಡಿಯವರಿಗೂ ಇಲ್ಲ. ಬೇಕರಿ, ಕಾಂಡಿಮೆಂಟ್ಸ್ ಇಟ್ಟಿರೋರ ತಲೆಯಲ್ಲಿ ಇರೋದು ಬೇರೆಯೇ ಭಯ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದಿತ್ತಲ್ಲ, ಅದನ್ನ ಅವರು ಮರೆತಿಲ್ಲ. ಅವರ ಹತ್ರ ಮಾತಾಡೋದಾದ್ರೆ ವಹಿವಾಟು 40 ಲಕ್ಷ ದಾಟ್ತಾ ಇದೆಯಾ, ಸರ್ವಿಸ್ ಆದ್ರೆ 20 ಲಕ್ಷ ದಾಟ್ತಾ ಇದೆಯಾ ಅನ್ನೋದೇ ವಿಷಯ.

ಒಂದು ಸಭೆಗೆ ಒಂದು ಪಿಚ್, ಅಂದ್ರೆ ಆ ಮೂವತ್ತು ಸೆಕೆಂಡಿನ ಮಾತು, ಸಾಕು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದ ಕಾರ್ಯಕ್ರಮಕ್ಕೋ ಪೀಣ್ಯ ಇಂಡಸ್ಟ್ರೀಸ್ ಅಸೋಸಿಯೇಷನ್ ಮೀಟಿಂಗ್‌ಗೋ ಹೋಗ್ತಿದ್ರೆ ಅಲ್ಲಿ ಸಿಗೋರಲ್ಲಿ ಹೆಚ್ಚಿನವರು ತಯಾರಿಕೆ ಮಾಡೋರು, ಜಾಬ್ ವರ್ಕ್ ಮಾಡೋರು, ಹಾಗಾಗಿ ಪಿಚ್ ಅವರಿಗೆ ಇರ್ಲಿ. ಹೋಟೆಲ್‌ನೋರು ಸಿಕ್ಕಿದ್ರೆ ಪರಿಚಯ ಮಾಡ್ಕೊಳ್ಳಿ, ಟೀ ಕುಡೀರಿ, ಆದ್ರೆ ಈ ಪಿಚ್ ಹೊಡೀಬೇಡಿ.

ಹಂತ 2: ಆ ಒಂದು ನೋವನ್ನ ತಾರೀಕಿನ ಸಮೇತ ಅರ್ಥ ಮಾಡ್ಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದ್ರೆ ಇದು ಬಾಯಿಗೆ ಬರದೇ ಇದ್ರೆ ಮುಂದಿನ ಮಾತೆಲ್ಲ ಗಾಳಿಮಾತು ಆಗುತ್ತೆ.

ಒಂದು ಯೂನಿಟ್ ತಗೊಳ್ಳಿ. ಹೋದ ತಿಂಗಳು 4 ಲಕ್ಷದ ಸ್ಟೀಲ್ ಶೀಟ್ ತಂದಿದ್ದಾರೆ, ಅದಕ್ಕೆ 18 ಪರ್ಸೆಂಟ್ ಅಂದ್ರೆ 72,000 ಜಿಎಸ್‌ಟಿ, ಅದನ್ನೂ ಸೇರಿಸಿ ಸಪ್ಲೈಯರ್‌ಗೆ ದುಡ್ಡು ಕೊಟ್ಟಾಗಿದೆ. ಅದೇ ತಿಂಗಳು 6 ಲಕ್ಷದ ಮಾಲು ಮಾರಿದ್ದಾರೆ, ಅದರ ಜಿಎಸ್‌ಟಿ 1,08,000. ಎಲ್ಲಾ ಸರಿಯಾಗಿದ್ರೆ 1,08,000ದಲ್ಲಿ 72,000 ಕಳೆದು ಓನರ್ ಕಟ್ಬೇಕಾಗಿರೋದು 36,000 ಅಷ್ಟೇ.

ಆದ್ರೆ ಆ 72,000 ಕಳೀಬೇಕು ಅಂದ್ರೆ ಸಪ್ಲೈಯರ್ ತನ್ನ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ ತೋರಿಸಿರ್ಬೇಕು. ತಿಂಗಳಿಗೊಮ್ಮೆ ಹಾಕೋರಿಗೆ ಅದರ ಕೊನೇ ತಾರೀಕು 11. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಸಪ್ಲೈಯರ್ ಆದ್ರೆ, ಅಂದ್ರೆ ವಹಿವಾಟು 5 ಕೋಟಿ ಒಳಗಿದ್ದು ಕ್ಯೂಆರ್‌ಎಂಪಿ ತಗೊಂಡಿರೋರು, ಕ್ವಾರ್ಟರ್‌ನ ಮೊದಲೆರಡು ತಿಂಗಳ ಬಿಲ್‌ಗಳನ್ನ ಐಎಫ್ಎಫ್ ಅನ್ನೋ ಸೌಲಭ್ಯದಲ್ಲಿ 13ರ ಒಳಗೆ ಹಾಕ್ಬಹುದು, ಆದ್ರೆ ಹಾಕ್ಲೇಬೇಕು ಅಂತೇನಿಲ್ಲ. ತುಂಬಾ ಜನ ಹಾಕೋದೇ ಇಲ್ಲ. 14ನೇ ತಾರೀಕು ಪೋರ್ಟಲಲ್ಲಿ ನಿಮ್ಮ ಓನರ್‌ನ 2ಬಿ, ಅಂದ್ರೆ ಸಪ್ಲೈಯರ್‌ಗಳು ತೋರಿಸಿರೋ ಬಿಲ್‌ಗಳ ಪಟ್ಟಿ, ಬರುತ್ತೆ. ಅದ್ರಲ್ಲಿ ಆ ಬಿಲ್ ಇಲ್ಲ ಅಂದ್ರೆ ಈ ತಿಂಗಳು ಕ್ರೆಡಿಟ್ ಇಲ್ಲ. 20ನೇ ತಾರೀಕು 3ಬಿ ಹಾಕುವಾಗ ಪೂರ್ತಿ 1,08,000 ಕಟ್ಬೇಕು. 72,000 ಸಪ್ಲೈಯರ್‌ಗೆ ಒಂದ್ಸಲ ಹೋಯ್ತು, ಸರ್ಕಾರಕ್ಕೆ ಇನ್ನೊಂದ್ಸಲ ಹೋಯ್ತು. ಸಂಬಳ ಆಗಿ, ಕರೆಂಟ್ ಬಿಲ್ ಕಟ್ಟಿ, ಬ್ಯಾಂಕ್ ಓವರ್‌ಡ್ರಾಫ್ಟ್ ತುದೀಲಿರೋ ಸಮಯದಲ್ಲಿ 72,000 ಅಂದ್ರೆ ಸಣ್ಣ ಮಾತಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಕ್ರೆಡಿಟ್ ಸತ್ತೋಗಿಲ್ಲ, ನಿಂತಿದೆ. ಸಪ್ಲೈಯರ್ ಮುಂದಿನ ತಿಂಗಳು ಬಿಲ್ ತೋರಿಸಿದ್ರೆ ಮುಂದಿನ 2ಬಿಲಿ ಬರುತ್ತೆ. ಆ ಹಣಕಾಸು ವರ್ಷ ಮುಗಿದ ಮೇಲೆ ಬರೋ ನವೆಂಬರ್ 30ರ ತನಕ (ವಾರ್ಷಿಕ ರಿಟರ್ನ್ ಅದಕ್ಕಿಂತ ಮುಂಚೆ ಹಾಕಿದ್ರೆ ಅಲ್ಲಿಯ ತನಕ) ತಗೊಳ್ಳೋಕೆ ಅವಕಾಶ ಇರುತ್ತೆ. ಸಪ್ಲೈಯರ್ ಹಾಕ್ಲೇ ಇಲ್ಲ ಅಂದ್ರೆ ಮಾತ್ರ ಪೂರ್ತಿ ಹೋಗುತ್ತೆ. ಆದ್ರಿಂದ ಪಿಚ್ಚಲ್ಲಿ "ನಿಮ್ಮ ದುಡ್ಡು ಮುಳುಗ್ತಾ ಇದೆ" ಅಂತ ಹೆದರಿಸಬೇಡಿ. ಹತ್ತು ವರ್ಷದಿಂದ ಫ್ಯಾಕ್ಟರಿ ನಡೆಸ್ತಾ ಇರೋ ಓನರ್‌ಗೆ ಇದು ಮುಂದಿನ ತಿಂಗಳು ಬರುತ್ತೆ ಅಂತ ಗೊತ್ತಿರುತ್ತೆ, ನೀವು ಹೆಚ್ಚು ಹೇಳಿದ ತಕ್ಷಣ ನಿಮಗೆ ವಿಷಯ ಗೊತ್ತಿಲ್ಲ ಅಂತ ಅಲ್ಲೇ ಅಳೆದುಬಿಡ್ತಾರೆ. "ನಿಂತೋಗಿದೆ", "ಸಿಕ್ಕಾಕೊಂಡಿದೆ", ಇದು ಸರಿಯಾದ ಮಾತು, ಇದು ಅವರೂ ಆಡೋ ಮಾತು.

ಹಂತ 3: ಏನು ಮಾಡ್ಕೊಡ್ತೀರಿ ಅನ್ನೋ ಒಂದು ವಾಕ್ಯ

ಪಿಚ್ಚಲ್ಲಿ ಅತಿ ಕಷ್ಟದ ಭಾಗ ಇದೇ. ನನಗೆ ಪರಿಚಯದ ಒಬ್ಬ ಹುಡುಗ ಬರೆದ ಮೊದಲ ವಾಕ್ಯ ಹೀಗಿತ್ತು: "ನಿಮ್ಮ ಇನ್‌ಪುಟ್ ಕ್ರೆಡಿಟ್ ರೀಕನ್ಸಿಲಿಯೇಷನ್ ಪ್ರೊಫೆಷನಲ್ ಆಗಿ ಮಾಡ್ಕೊಡ್ತೀನಿ." ಇದನ್ನ ಕೇಳಿದವರ ಕಣ್ಣಿಗೆ ಏನೂ ಕಾಣಲ್ಲ. ಕಾಣ್ಬೇಕು ಅಂದ್ರೆ ಒಂದು ತಾರೀಕು ಬೇಕು, ಕೈಗೆ ಸಿಗೋ ಒಂದು ವಸ್ತು ಬೇಕು. ಸರಿ ಅಂತ ಬದಲಾಯಿಸಿದ: "ಪ್ರತಿ ತಿಂಗಳು 16ನೇ ತಾರೀಕು, ಯಾವ ಸಪ್ಲೈಯರ್ ಬಿಲ್ 2ಬಿಲಿ ಬಂದಿಲ್ಲ ಅಂತ ಪಟ್ಟಿ ಮಾಡಿ ನಿಮ್ಮ ವಾಟ್ಸಾಪ್‌ಗೆ ಕಳಿಸ್ತೀನಿ."

ಕೇಳೋಕೆ ಚೆನ್ನಾಗಿದೆ, ತಾರೀಕಿದೆ, ಪಟ್ಟಿ ಇದೆ. ಆದ್ರೆ ಬುದ್ಧಿವಂತ ಓನರ್ ಒಂದೇ ಪ್ರಶ್ನೆ ಕೇಳ್ತಾರೆ: "16ಕ್ಕೆ ಗೊತ್ತಾಗಿ ನಾನೇನಪ್ಪಾ ಮಾಡ್ಲಿ?" ನಿಜ ಅಲ್ವಾ. 14ಕ್ಕೆ 2ಬಿ ಬಂದ ಮೇಲೆ ಸಪ್ಲೈಯರ್‌ಗೆ ಫೋನ್ ಮಾಡಿ ಬೈದು ರಿಟರ್ನ್ ಹಾಕಿಸಿದ್ರೂ ಅದು ಸೇರೋದು ಮುಂದಿನ ತಿಂಗಳ 2ಬಿಗೆ. ಓಡಾಡ್ಬೇಕಾಗಿರೋದು 11ಕ್ಕೆ ಮುಂಚೆ.

ಹಾಗಾದ್ರೆ ನಿಜವಾದ ಕೆಲಸ ಹೀಗಿರ್ಬೇಕು. ತಿಂಗಳು ಮುಗಿದ ತಕ್ಷಣ ಓನರ್ ಹತ್ರ ಇರೋ ಪರ್ಚೇಸ್ ಬಿಲ್‌ಗಳನ್ನೆಲ್ಲಾ ತಗೊಂಡು ಟ್ಯಾಲಿಗೆ ಹಾಕಿ ಮುಗಿಸ್ಬೇಕು, 8ನೇ ತಾರೀಕು ಒಂದೊಂದು ಸಪ್ಲೈಯರ್‌ಗೂ "ನಮ್ಮ ಇಂತಿಂಥ ನಂಬರ್ ಬಿಲ್, ಇಷ್ಟು ಮೊತ್ತ, ನಮ್ಮ ಜಿಎಸ್‌ಟಿ ನಂಬರ್ ಇದು, 11ರ ಒಳಗೆ ತೋರಿಸಿ" ಅಂತ ಮೆಸೇಜ್ ಹೋಗ್ಬೇಕು. 2024ರ ಅಕ್ಟೋಬರ್‌ನಿಂದ ಪೋರ್ಟಲಲ್ಲಿ ಐಎಂಎಸ್ ಅಂತ ಒಂದು ಪುಟ ಬಂದಿದೆ, ಸಪ್ಲೈಯರ್ ತನ್ನ ಕಡೆ ಬಿಲ್ ಸೇವ್ ಮಾಡಿದ ಕೂಡ್ಲೇ ಅದು ಇಲ್ಲಿ ಕಾಣ್ಸುತ್ತೆ, ಹಾಗಾಗಿ 9ಕ್ಕೆ, 10ಕ್ಕೆ ನೋಡ್ತಾ ಇದ್ರೆ ಯಾರು ಹಾಕಿದ್ರು ಯಾರು ಹಾಕಿಲ್ಲ ಗೊತ್ತಾಗುತ್ತೆ. ಹಾಕದೇ ಇರೋರಿಗೆ ಮತ್ತೊಂದು ಫೋನ್. 15ಕ್ಕೆ ಓನರ್‌ಗೆ ಕೊನೇ ಪಟ್ಟಿ: ಯಾವುದು ಬಂತು, ಯಾವುದು ನಿಂತೋಯ್ತು, 20ಕ್ಕೆ ಎಷ್ಟು ದುಡ್ಡು ರೆಡಿ ಇಟ್ಕೋಬೇಕು. ಹಳೇ ಬಿಲ್ ನಿಲ್ಲಿಸಿರೋ ಸಪ್ಲೈಯರ್‌ಗೆ ಮುಂದಿನ ಪೇಮೆಂಟಲ್ಲಿ ಜಿಎಸ್‌ಟಿ ಭಾಗ ಹಿಡಿಯೋದಾ ಬಿಡೋದಾ ಅಂತ ಓನರ್ ಆವಾಗ ತೀರ್ಮಾನ ಮಾಡ್ಬಹುದು.

ಇಷ್ಟೆಲ್ಲಾ ಪಿಚ್ಚಲ್ಲಿ ಹೇಳಲ್ಲ. ಹೇಳೋದು ಒಂದೇ ವಾಕ್ಯ: "8ನೇ ತಾರೀಕೇ ನಿಮ್ಮ ಸಪ್ಲೈಯರ್‌ಗಳಿಗೆ ನಾನೇ ಫಾಲೋಅಪ್ ಮಾಡಿ ಬಿಲ್ ಹಾಕಿಸ್ತೀನಿ, 15ಕ್ಕೆ ಎಷ್ಟು ಕಟ್ಬೇಕು ಅಂತ ನಿಮ್ಮ ಕೈಲಿ ಇರುತ್ತೆ." ಆದ್ರೆ "ಹಾಕಿಸ್ತೀನಿ" ಅನ್ನೋದನ್ನ ಇನ್ನೊಮ್ಮೆ ಯೋಚಿಸಿ. ಇನ್ನೊಬ್ಬರ ರಿಟರ್ನ್ ನಿಮ್ಮ ಕೈಲಿಲ್ಲ. "ಬೆನ್ನು ಬೀಳ್ತೀನಿ" ಅನ್ನಿ. ಅದು ನಿಜ, ಅದು ಓನರ್‌ಗೆ ಇಷ್ಟಾನೂ ಆಗುತ್ತೆ, ಯಾಕಂದ್ರೆ ಸಪ್ಲೈಯರ್ ಬೆನ್ನು ಬೀಳೋ ಕೆಲಸ ಅವರೇ ಮಾಡಿ ಸಾಕಾಗಿರ್ತಾರೆ.

ಇದೇ ರೀತಿ ಪಿಚ್ಚಲ್ಲಿ ಬರ್ಲೇಬಾರದ ಮಾತು ಎರಡಿದೆ. ಒಂದು "ಟ್ಯಾಕ್ಸ್ ಉಳಿಸ್ಕೊಡ್ತೀನಿ", ಇನ್ನೊಂದು "ನೋಟಿಸ್ ಬರಲ್ಲ". ಎರಡೂ ನಿಮ್ಮ ಕೈಲಿರೋ ವಿಷಯ ಅಲ್ಲ, ನೋಟಿಸ್ ಅಂತೂ ಎಲ್ಲಾ ಸರಿ ಇದ್ರೂ ಬರುತ್ತೆ. ಬಂದ ದಿನ ಓನರ್ ನೆನಪಿಸ್ಕೊಳ್ಳೋದು ನಿಮ್ಮ ಆ ಮಾತನ್ನೇ.

ಹಂತ 4: "ಆಡಿಟರಾ?" ಅಂದ್ರೆ ಏನಂತೀರಿ

ನಮ್ಮ ಕಡೆ ಲೆಕ್ಕ ಬರೆಯೋರೆಲ್ಲಾ ಆಡಿಟರ್ರೇ. ಓನರ್ ಕೇಳೇ ಕೇಳ್ತಾರೆ. ನೀವು ಸಿಎ ಅಲ್ಲದೇ ಇದ್ರೆ "ಹ್ಞೂಂ" ಅಂತ ತಲೆ ಆಡಿಸೋದು ಬೇಡ, ಸುಳ್ಳು ಹೇಳಿ ಸಿಎ ಅಂತ ತೋರಿಸ್ಕೊಳ್ಳೋದು ಕಾನೂನು ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಸತ್ಯ ಹೇಳಿದ್ರೆ ನಿಮಗೇ ಲಾಭ. "ಇಲ್ಲ ಸರ್, ನಾನು ಅಕೌಂಟೆಂಟ್. ನಿಮ್ಮ ಆಡಿಟರ್ ಅವರ ಕೆಲಸ ಅವರು ಮಾಡ್ಲಿ, ತಿಂಗಳ ಲೆಕ್ಕ, ಸಪ್ಲೈಯರ್ ಬಿಲ್ ನಾನು ನೋಡ್ಕೋತೀನಿ, ವರ್ಷದ ಕೊನೇಲಿ ಅವರಿಗೆ ಕ್ಲೀನಾಗಿ ಕೊಡ್ತೀನಿ." ಈ ಮಾತಿಂದ ಓನರ್ ಮನಸ್ಸಲ್ಲಿದ್ದ ದೊಡ್ಡ ತೊಡಕು ಹೋಗುತ್ತೆ. ಅವರ ಆಡಿಟರ್ ಅಂದ್ರೆ ಎಷ್ಟೋ ಸಲ ಅಪ್ಪನ ಕಾಲದಿಂದ ಬಂದೋರು, ಮನೆ ಮದುವೆಗೆ ಬರೋರು, ಅವರನ್ನ ಬಿಡಿಸಿ ನಿಮಗೆ ಕೆಲಸ ಕೊಡೋ ಮಾತೇ ಇಲ್ಲ. ಬಿಡಬೇಕಾಗಿಲ್ಲ ಅಂತ ಗೊತ್ತಾದಾಗ ಮಾತ್ರ ಕಿವಿ ಕೊಡ್ತಾರೆ. ಆಡಿಟರ್ ಬಗ್ಗೆ ಒಂದು ಕೆಟ್ಟ ಮಾತೂ ಬೇಡ, ಓನರ್ ತಾವೇ ಬೈದ್ರೂ ನೀವು ದನಿಗೂಡಿಸ್ಬೇಡಿ.

ಜಿಎಸ್‌ಟಿ ಪ್ರಾಕ್ಟಿಷನರ್ ಅಂತ ಪೋರ್ಟಲಲ್ಲಿ ನೋಂದಣಿ ಆಗಿದ್ರೆ ಅದನ್ನ ಹೇಳಿ, ಅದು ತೂಕ ಇರೋ ಮಾತು. ಇನ್ನು ನೀವು ಪ್ರಾಕ್ಟೀಸ್ ಮಾಡೋ ಸಿಎ ಆಗಿದ್ರೆ ಈ ಮಾರ್ಗದರ್ಶಿ ನಿಮಗಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಲಿ ಕೆಲಸ ಕೇಳ್ಕೊಂಡು ಹೋಗೋದಕ್ಕೇ ನಿರ್ಬಂಧ ಇದೆ, ಇನ್‌ಸ್ಟಿಟ್ಯೂಟ್ ನಿಯಮ ನೋಡ್ಕೊಂಡೇ ಮಾತಾಡಿ.

ಹಂತ 5: ಎಲ್ಲಾ ಸೇರಿಸಿ ಐವತ್ತರ ಆಸುಪಾಸು ಪದಕ್ಕೆ ಇಳಿಸಿ

ಕನ್ನಡದಲ್ಲಿ ಪದಗಳು ಉದ್ದ. ಗದ್ದಲದ ಹಾಲಲ್ಲಿ ಎದುರಿಗಿರೋರಿಗೆ ಕೇಳೋ ಹಾಗೆ ನಿಧಾನವಾಗಿ ಮಾತಾಡಿದ್ರೆ ಮೂವತ್ತು ಸೆಕೆಂಡಿಗೆ ಹಿಡಿಸೋದು ಐವತ್ತರ ಆಸುಪಾಸು ಪದ. ಇಂಟರ್ನೆಟ್ಟಲ್ಲಿ ಸಿಗೋ ಇಂಗ್ಲಿಷ್ ಮಾದರಿಗಳನ್ನ ಕನ್ನಡಕ್ಕೆ ತಂದು ಹೇಳೋಕೆ ಹೋದ್ರೆ ಒಂದು ನಿಮಿಷ ಆಗುತ್ತೆ, ಅಷ್ಟರಲ್ಲಿ ಓನರ್ ಕಣ್ಣು ಬೋಂಡಾ ಪ್ಲೇಟ್ ಕಡೆ ಹೋಗಿರುತ್ತೆ.

ಆ ಹುಡುಗ ಕೊನೆಗೆ ಇಟ್ಕೊಂಡಿದ್ದು ಇದು:

"ಸರ್, ನಾನು ಪೀಣ್ಯದ ಫ್ಯಾಬ್ರಿಕೇಶನ್ ಯೂನಿಟ್‌ಗಳಿಗೆ ತಿಂಗಳ ಅಕೌಂಟ್ಸ್ ನೋಡ್ಕೋತೀನಿ. ನೀವು ಶೀಟ್‌ಗೆ ಜಿಎಸ್‌ಟಿ ಸೇರಿಸಿ ದುಡ್ಡು ಕೊಟ್ಟಿರ್ತೀರಿ, ಸಪ್ಲೈಯರ್ ಬಿಲ್ ತೋರಿಸಿರಲ್ಲ, 20ನೇ ತಾರೀಕು ಅದೇ ದುಡ್ಡು ಮತ್ತೆ ಕೈಯಿಂದ ಕಟ್ಟೋ ಹಾಗಾಗುತ್ತೆ. ನಾನು 8ನೇ ತಾರೀಕಿಂದಾನೇ ಸಪ್ಲೈಯರ್ ಬೆನ್ನು ಬೀಳ್ತೀನಿ, 15ಕ್ಕೆ ಎಷ್ಟು ಕಟ್ಬೇಕು ಅಂತ ನಿಮ್ಮ ವಾಟ್ಸಾಪಲ್ಲಿ ಇರುತ್ತೆ. ನಿಮ್ಮ ಆಡಿಟರ್ ಅವರೇ ಇರ್ಲಿ. ಹೋದ ತಿಂಗಳು ನಿಮಗೆ ಎಷ್ಟು ಕ್ರೆಡಿಟ್ ನಿಂತೋಗಿತ್ತು ಸರ್?"

ಗಮನಿಸಿ, ಹೆಸರು ಇಲ್ಲ. ಹೆಸರು ಕೈ ಕುಲುಕುವಾಗ ಹೇಳಾಗಿರುತ್ತೆ. "ರೀಕನ್ಸಿಲಿಯೇಷನ್" ಇಲ್ಲ, "2ಬಿ" ಕೂಡ ಇಲ್ಲ, ಯಾಕಂದ್ರೆ ಕೆಲವು ಓನರ್‌ಗೆ ಅದು ಗೊತ್ತು, ಕೆಲವರಿಗೆ ಗೊತ್ತಿಲ್ಲ, ಗೊತ್ತಿಲ್ಲದೋರು ಅಲ್ಲೇ ಎಡವಿ ಮುಂದಿನ ಮಾತು ಕೇಳಿಸ್ಕೊಳ್ಳಲ್ಲ. ಗೊತ್ತಿರೋರು ತಾವೇ "ಓ, 2ಬಿ ವಿಷ್ಯಾನಾ" ಅಂತಾರೆ. "ಶೀಟ್" ಅನ್ನೋ ಪದ ಬೇಕಂತಲೇ ಹಾಕಿರೋದು. ಮಷೀನಿಂಗ್‌ನೋರು ಸಿಕ್ಕಿದ್ರೆ ಅಲ್ಲಿ "ರಾಡ್" ಅನ್ನಿ, ಪೌಡರ್ ಕೋಟಿಂಗ್‌ನೋರಾದ್ರೆ "ಪೌಡರ್" ಅನ್ನಿ, ಒಂದು ಪದ ಬದಲಾದ್ರೆ ಸಾಕು ಮಾತು ಅವರ ಶೆಡ್ಡಿನದೇ ಆಗುತ್ತೆ. ಮೊದಲ ವಾಕ್ಯದಲ್ಲಿ "ಪೀಣ್ಯದ ಯೂನಿಟ್‌ಗಳಿಗೆ" ಅಂತ ಹೇಳ್ಬೇಕಾದ್ರೆ ನಿಮ್ಮ ಹತ್ರ ಅಂಥ ಒಂದೆರಡಾದ್ರೂ ಕ್ಲೈಂಟ್ ಇರ್ಬೇಕು. ಇಲ್ದೇ ಇದ್ರೆ "ಆಡಿಟರ್ ಆಫೀಸಲ್ಲಿ ಫ್ಯಾಬ್ರಿಕೇಶನ್ ಯೂನಿಟ್‌ಗಳ ಲೆಕ್ಕ ನೋಡ್ತಿದ್ದೆ, ಈಗ ಸ್ವಂತವಾಗಿ ಮಾಡ್ತಿದೀನಿ" ಅನ್ನಿ, ಅದೂ ಸಾಕು. ಹಳೇ ಆಫೀಸಿನ ಕ್ಲೈಂಟ್ ಹೆಸರು ಮಾತ್ರ ಬಾಯಿ ಬಿಡ್ಬೇಡಿ. ಅವರ ಲೆಕ್ಕದ ಮಾತು ಇಲ್ಲಿ ಆಡಿದೋನು ನಾಳೆ ನನ್ನ ಲೆಕ್ಕ ಇನ್ನೆಲ್ಲೋ ಆಡ್ತಾನೆ ಅಂತ ಓನರ್ ಮನಸ್ಸಿಗೆ ಬರೋದಕ್ಕೆ ಒಂದು ಕ್ಷಣ ಸಾಕು.

ಅಭ್ಯಾಸ ಮಾಡುವಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅದೂ ಫ್ಯಾನ್ ಹಾಕಿ, ಟಿವಿ ಹಚ್ಚಿ, ನಿಂತ್ಕೊಂಡು. ಆಮೇಲೆ ಅಕೌಂಟ್ಸ್ ಗೊತ್ತಿಲ್ಲದ ಮನೆಯವರೊಬ್ಬರಿಗೆ ಕೇಳಿಸಿ, "ನಾನೇನ್ ಮಾಡ್ತೀನಿ ಅಂತ ಹೇಳಿ ನೋಡೋಣ" ಅನ್ನಿ. "ಬಿಲ್ ಹಾಕದೇ ಇರೋರ ಹಿಂದೆ ಬೀಳ್ತೀಯಾ" ಅಂತ ಬಂದ್ರೆ ಪಿಚ್ ಸರಿ ಇದೆ. "ಏನೋ ಟ್ಯಾಕ್ಸ್ ಕೆಲಸ" ಅಂತ ಬಂದ್ರೆ ಇನ್ನೂ ಇಳಿಸ್ಬೇಕು.

ಹಂತ 6: ಅಲ್ಲಿ ಹೋದ ಮೇಲೆ

ಪಿಚ್ ಹೇಳೋಕೆ ಮುಂಚೆ ಎರಡು ಪ್ರಶ್ನೆ ಕೇಳಿ. "ಸರ್, ಏನು ತಯಾರಿಕೆ?" ಆಮೇಲೆ, "ಜಿಎಸ್‌ಟಿ ತಿಂಗಳಿಗಾ, ಮೂರು ತಿಂಗಳಿಗಾ?" ಎರಡನೇದು ಸಣ್ಣ ಪ್ರಶ್ನೆ ಅನ್ಸುತ್ತೆ, ಆದ್ರೆ ಇಡೀ ಪಿಚ್ ಇದ್ರ ಮೇಲೆ ನಿಂತಿದೆ. ಅವರೇ ಮೂರು ತಿಂಗಳಿಗೊಮ್ಮೆ ಹಾಕೋರಾದ್ರೆ 15, 20ನೇ ತಾರೀಕಿನ ಮಾತು ಅವರಿಗೆ ತಾಳೆ ಆಗಲ್ಲ, ಮೊದಲೆರಡು ತಿಂಗಳು 25ಕ್ಕೆ ಚಲನ್ ಕಟ್ತಾರೆ, ಕ್ವಾರ್ಟರ್ ಮುಗಿದ ಮೇಲೆ 22ಕ್ಕೆ ರಿಟರ್ನ್ ಹಾಕ್ತಾರೆ, ಅವರ 2ಬಿನೂ ಕ್ವಾರ್ಟರಿಗೆ ಒಂದ್ಸಲಾನೇ. ಅಂಥೋರಿಗೆ ನೋವು ಎದುರು ದಿಕ್ಕಿಂದ ಬರುತ್ತೆ: ಅವರು ಐಎಫ್ಎಫ್ ಹಾಕದೇ ಇದ್ರೆ ಅವರ ದೊಡ್ಡ ಗ್ರಾಹಕ ಕಂಪನಿ "ನಿಮ್ಮ ಬಿಲ್ ಕಾಣಿಸ್ತಿಲ್ಲ" ಅಂತ ಪೇಮೆಂಟ್ ಹಿಡೀತಾರೆ. ಆಗ ಮಧ್ಯದ ವಾಕ್ಯ ಹೀಗೆ ತಿರುಗಿಸಿ: "ಪ್ರತಿ ತಿಂಗಳು 13ರ ಒಳಗೆ ನಿಮ್ಮ ಬಿಲ್‌ಗಳು ಕಸ್ಟಮರ್‌ಗೆ ಕಾಣೋ ಹಾಗೆ ಮಾಡ್ತೀನಿ, ಜಿಎಸ್‌ಟಿ ಕಾರಣಕ್ಕೆ ಪೇಮೆಂಟ್ ನಿಲ್ಲಲ್ಲ." ಒಂದೇ ಕಾಯಿಲೆ, ಎರಡು ಕಡೆಯಿಂದ ನೋಡಿದ್ದು ಅಷ್ಟೇ.

ಮೂರ್ನಾಲ್ಕು ಓನರ್‌ಗಳು ಗುಂಪಾಗಿ ನಿಂತಿದ್ರೆ ಕೊನೇ ಪ್ರಶ್ನೆ ಬಿಟ್ಬಿಡಿ. ಎಷ್ಟು ಕ್ರೆಡಿಟ್ ನಿಂತಿದೆ ಅಂತ ಇನ್ನೊಬ್ಬ ಓನರ್ ಮುಂದೆ ಯಾರೂ ಹೇಳಲ್ಲ, ಅದು ಅವರ ವಹಿವಾಟಿನ ಗುಟ್ಟು. ಬದಲಿಗೆ "ನಿಮ್ಮಲ್ಲೂ ಸಪ್ಲೈಯರ್ ಬಿಲ್ ಲೇಟಾಗುತ್ತಾ?" ಅಂತ ಕೇಳಿ, ಇದಕ್ಕೆ ಎಲ್ಲರೂ ಒಟ್ಟಿಗೆ ಮಾತಾಡ್ತಾರೆ, ನೀವು ಸುಮ್ಮನೆ ನಿಂತು ಕೇಳಿಸ್ಕೊಂಡ್ರೆ ಸಾಕು.

ಹಂತ 7: ಉತ್ತರದಲ್ಲೇ ಗೊತ್ತಾಗುತ್ತೆ

"ನಮ್ಮ ಆಡಿಟರ್ ಎಲ್ಲಾ ನೋಡ್ಕೋತಾರೆ" ಅಂದ್ರೆ ಅವರಿಗೆ ಕೇಳಿಸಿದ್ದು "ಅಕೌಂಟ್ಸ್" ಅನ್ನೋ ಒಂದೇ ಪದ. ವಾದ ಬೇಡ. "ಒಳ್ಳೇದು ಸರ್. 2ಬಿಲಿ ಬಿಟ್ಟೋಗಿರೋ ಬಿಲ್ ಪಟ್ಟಿ ಅವರು ತಿಂಗಳು ತಿಂಗಳು ಕಳಿಸ್ತಾರಾ?" ಅಂತ ಒಂದೇ ಪ್ರಶ್ನೆ. "ಹ್ಞೂಂ, ಕಳಿಸ್ತಾರೆ" ಅಂದ್ರೆ ಅವರಿಗೆ ನಿಮ್ಮ ಅಗತ್ಯ ಇಲ್ಲ, ಸಂತೋಷವಾಗಿ ಮುಂದೆ ಹೋಗಿ. ಒಂದು ಕ್ಷಣ ಸುಮ್ಮನಾದ್ರೆ ಅಲ್ಲಿ ಜಾಗ ಇದೆ.

"ತಿಂಗಳಿಗೆ ಎಷ್ಟು ತಗೋತೀರಾ?" ಅನ್ನೋದು ಬೇಗ ಬರುತ್ತೆ. ಬಿಲ್ ಎಷ್ಟಿದೆ ಅಂತ ಗೊತ್ತಿಲ್ದೇ ರೇಟ್ ಹೇಳಿದ್ರೆ ಒಂದೋ ನಿಮಗೆ ನಷ್ಟ, ಒಂದೋ ಅವರು ಹೋಗ್ತಾರೆ. ತಿಂಗಳಿಗೆ ಮೂವತ್ತು ಪರ್ಚೇಸ್ ಬಿಲ್ ಇರೋ ಯೂನಿಟ್‌ಗೂ ಮುನ್ನೂರು ಇರೋ ಯೂನಿಟ್‌ಗೂ ಕೆಲಸ ಒಂದೇನಾ? "ಸರ್, ಪರ್ಚೇಸ್ ಬಿಲ್ ತಿಂಗಳಿಗೆ ಎಷ್ಟು ಬರುತ್ತೆ, ಸಪ್ಲೈಯರ್ ಎಷ್ಟು ಜನ? ಅದ್ರ ಮೇಲೆ ಹೇಳ್ತೀನಿ" ಅನ್ನಿ. ಒತ್ತಾಯ ಮಾಡಿದ್ರೆ ನಿಮ್ಮ ಕಡಿಮೆ ಮೊತ್ತ ಯಾವುದೋ ಅದನ್ನ "ಇಷ್ಟರಿಂದ ಶುರು" ಅಂತ ಹೇಳಿ, ಎಳೀಬೇಡಿ.

"ಅದು ಹೇಗೆ, ಅವರು ಹಾಕ್ಲಿಲ್ಲ ಅಂದ್ರೆ ನೀವೇನ್ ಮಾಡ್ತೀರಾ?" ಅಂತ ಕೇಳಿದ್ರೆ ಪಿಚ್ ಕೆಲಸ ಮಾಡಿದೆ. ಇದಕ್ಕೆ ಉತ್ತರ ನೇರವಾಗಿರ್ಲಿ: "ಹಾಕೋದು ಅವರ ಕೈಲಿದೆ ಸರ್. ನಾನು 11ಕ್ಕೆ ಮುಂಚೆ ಎರಡು ಸಲ ನೆನಪಿಸ್ತೀನಿ, ಆದ್ರೂ ಹಾಕ್ಲಿಲ್ಲ ಅಂದ್ರೆ ಯಾರು ಎಷ್ಟು ತಿಂಗಳಿಂದ ನಿಲ್ಲಿಸಿದ್ದಾರೆ ಅಂತ ನಿಮಗೆ ಲೆಕ್ಕ ಕೊಡ್ತೀನಿ, ಮುಂದಿನ ಆರ್ಡರ್ ಕೊಡ್ಬೇಕಾದ್ರೆ ನಿಮಗೆ ಗೊತ್ತಿರುತ್ತೆ." ಮಿತಿ ಹೇಳ್ಕೊಂಡಿದ್ದಕ್ಕೆ ಯಾವ ಓನರೂ ಹಿಂದೆ ಸರಿಯಲ್ಲ, ಅವರೂ ದಿನಾ ಕಸ್ಟಮರ್‌ಗೆ ಡೆಲಿವರಿ ಬಗ್ಗೆ ಇಂಥದ್ದೇ ಮಾತು ಆಡೋರು.

ಹಂತ 8: ಅವತ್ತು ಸಂಜೆ ಮತ್ತು ಮೊದಲ ಕೆಲಸ

ಕಾರ್ಡ್ ಕೊಟ್ಟು ಕಾಯೋದು ಬೇಡ, ನಂಬರ್ ಇಸ್ಕೊಂಡು ಅಲ್ಲೇ ಒಂದು "ನಮಸ್ಕಾರ ಸರ್" ಕಳಿಸಿ ನಿಮ್ಮ ಹೆಸರು ಸೇವ್ ಆಗೋ ಹಾಗೆ ಮಾಡಿ. ಸಂಜೆ ಒಂದೇ ಮೆಸೇಜ್, ಬ್ರೋಷರ್ ಇಲ್ಲ, ಗುಡ್ ಮಾರ್ನಿಂಗ್ ಫೋಟೋ ಇಲ್ಲ:

"ಸರ್, ಇವತ್ತು ಮೀಟಿಂಗಲ್ಲಿ ಸಿಕ್ಕಿದ್ದೆ, ಸಪ್ಲೈಯರ್ ಬಿಲ್ ವಿಷಯ ಮಾತಾಡಿದ್ವಿ. ಹೋದ ತಿಂಗಳ 2ಬಿ ಎಕ್ಸೆಲ್ ಮತ್ತೆ ಟ್ಯಾಲಿ ಪರ್ಚೇಸ್ ರಿಜಿಸ್ಟರ್ ಕಳಿಸಿದ್ರೆ ಯಾವ ಬಿಲ್ ಬಿಟ್ಟೋಗಿದೆ ಅಂತ ಒಂದ್ಸಲ ನೋಡಿ ಕಳಿಸ್ತೀನಿ, ಇದಕ್ಕೆ ಚಾರ್ಜ್ ಇಲ್ಲ. ಪಾಸ್‌ವರ್ಡ್, ಓಟಿಪಿ ಏನೂ ಬೇಡ."

ಕೊನೇ ವಾಕ್ಯ ಬಿಡ್ಬೇಡಿ. ಹೊಸಬರಿಗೆ ಲೆಕ್ಕ ಕೊಡೋಕೆ ಓನರ್ ಹಿಂಜರಿಯೋದು ಅಲ್ಲೇ. ಎರಡು ಫೈಲ್ ಬಂದ್ರೆ ಎಕ್ಸೆಲಲ್ಲಿ ಸಪ್ಲೈಯರ್ ಜಿಎಸ್‌ಟಿ ನಂಬರ್ ಮತ್ತೆ ಬಿಲ್ ನಂಬರ್ ಸೇರಿಸಿ ತಾಳೆ ನೋಡಿ. ಬಿಲ್ ನಂಬರನ್ನ ಸಪ್ಲೈಯರ್ ಒಂದು ಥರ, ಟ್ಯಾಲಿ ಹಾಕೋ ಹುಡುಗ ಇನ್ನೊಂದು ಥರ ಬರೆದಿರ್ತಾರೆ, "045/25-26" ಅಂತ ಒಂದು ಕಡೆ "45" ಅಂತ ಇನ್ನೊಂದು ಕಡೆ. ಹಾಗಾಗಿ ತಾಳೆ ಆಗದೇ ಇರೋದನ್ನೆಲ್ಲ ಮೊತ್ತ ಮತ್ತೆ ತಾರೀಕು ಇಟ್ಕೊಂಡು ಇನ್ನೊಂದ್ಸಲ ಕಣ್ಣಲ್ಲೇ ನೋಡಿ, ಇಲ್ಲಾಂದ್ರೆ ಬಂದಿರೋ ಬಿಲ್ಲನ್ನೇ ಬಂದಿಲ್ಲ ಅಂತ ಕಳಿಸ್ತೀರಿ. ನಿಜವಾಗ್ಲೂ ಬಿಟ್ಟೋಗಿರೋದನ್ನ ಮೂರೇ ಕಾಲಮ್ಮಲ್ಲಿ ಹಾಕಿ: ಸಪ್ಲೈಯರ್, ಬಿಲ್ ನಂಬರ್, ನಿಂತಿರೋ ಜಿಎಸ್‌ಟಿ. ಕೆಳಗೆ ಒಟ್ಟು ಮೊತ್ತ. ಏನೂ ಬಿಟ್ಟೋಗಿಲ್ಲ ಅಂತ ಬಂದ್ರೆ "ಸರ್, ನಿಮ್ಮದು ಎಲ್ಲಾ ಸರಿ ಇದೆ" ಅಂತಲೇ ಬರೆದು ಕಳಿಸಿ. ಪಟ್ಟಿ ಹೋಗೋದು 8ನೇ ತಾರೀಕಿಗಿಂತ ಎರಡು ದಿನ ಮುಂಚೆ ಆಗೋ ಹಾಗೆ ನೋಡ್ಕೊಳ್ಳಿ, ಯಾಕಂದ್ರೆ ಓನರ್ "ಸರಿ, ಈ ತಿಂಗಳಿಂದಲೇ ನೋಡಿ" ಅಂದ್ರೆ ಸಪ್ಲೈಯರ್‌ಗಳಿಗೆ ಮೊದಲ ಮೆಸೇಜ್ ಕಳಿಸೋಕೆ ನಿಮಗೆ ಅಷ್ಟು ಸಮಯ ಬೇಕಾಗುತ್ತೆ.